ಅಡುಗೆಮನೆಯ ಚಾಕು ಮತ್ತು ಹೆಚ್ಚುವ ಮಣೆ

ಅಡುಗೆಮನೆಯ ಚಾಕು ತರಕಾರಿ, ಹಣ್ಣು, ಮೀನು ಮತ್ತು ಮಾಂಸವನ್ನು ಕತ್ತರಿಸಲು ಬಳಸುವ ಕೈ ಉಪಕರಣವಾಗಿದೆ. ಕತ್ತರಿಸುವಾಗ ಚಾಕುವಿನ ಕೆಳಗೆ ಇಡುವ ಹಲಗೆಗೆ ಹೆಚ್ಚುವ ಮಣೆ ಅಥವಾ ಚಾಪಿಂಗ್ ಬೋರ್ಡ್ ಎನ್ನುತ್ತಾರೆ. ಚಾಕುವಿನ ಹರಿತ ಎಷ್ಟು ದಿನ ಉಳಿಯುತ್ತದೆ ಎಂಬುದು ಮೂರು ಸಂಗತಿಗಳನ್ನು ಅವಲಂಬಿಸಿದೆ: ಅದನ್ನು ಮಸೆಯುವ ಕ್ರಮ, ತೊಳೆದು ಒಣಗಿಸುವ ಕ್ರಮ ಮತ್ತು ಅದರ ಕೆಳಗಿರುವ ಮಣೆ. ಈ ಲೇಖನವು ಕರಾವಳಿ ಕರ್ನಾಟಕದ, ಅದರಲ್ಲೂ ಮಂಗಳೂರು ನಗರದ ಕುಲಶೇಖರದಂತಹ ಪ್ರದೇಶದ ಮನೆಬಳಕೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಮೂರನ್ನೂ ವಿವರಿಸುತ್ತದೆ.

ಹಿನ್ನೆಲೆ

ಕುಲಶೇಖರವು ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳಗಳ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿರುವ ಪ್ರದೇಶ. ಇಲ್ಲಿ ತುಳು, ಕೊಂಕಣಿ ಮತ್ತು ಕನ್ನಡ ಮಾತನಾಡುವ ಕುಟುಂಬಗಳು ಒಟ್ಟಿಗೆ ನೆಲೆಸಿವೆ. ಕರಾವಳಿಯ ಇತರ ಊರುಗಳಂತೆ ಇಲ್ಲಿಯ ಅಡುಗೆಯಲ್ಲಿಯೂ ಮೀನು, ತೆಂಗಿನಕಾಯಿ, ಹಲಸು, ಬಾಳೆಕಾಯಿ, ಬಿಂಬುಳಿ, ಅಮಟೆಕಾಯಿ ಮುಂತಾದವುಗಳಿಗೆ ದೊಡ್ಡ ಸ್ಥಾನವಿದೆ. ಚಾಕುವಿನ ದೃಷ್ಟಿಯಿಂದ ನೋಡಿದರೆ ಇವೆಲ್ಲವೂ ಕಷ್ಟದ ಪದಾರ್ಥಗಳೇ. ಮೀನಿನ ಮುಳ್ಳು ಮತ್ತು ತೆಂಗಿನ ಕರಟ ಅಂಚನ್ನು ಮುಕ್ಕಾಗಿಸುತ್ತವೆ. ಹಲಸಿನ ಮೇಣ ಅಲಗಿಗೆ ಅಂಟುತ್ತದೆ. ಬಾಳೆಕಾಯಿಯ ಸೊನೆ ಕಬ್ಬಿಣವನ್ನು ಕಪ್ಪಾಗಿಸಿದರೆ, ಹುಳಿಕಾಯಿಗಳ ರಸ ಅದನ್ನು ತಿನ್ನುತ್ತದೆ. ಇದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಗಾಳಿಯ ತೇವವೂ ಸೇರಿಕೊಳ್ಳುತ್ತದೆ. ಒಣ ಹವೆಯ ಊರಿನಲ್ಲಿ ಚಾಕುವನ್ನು ತೊಳೆದು ಹಾಗೆಯೇ ಬಿಟ್ಟರೂ ನಡೆಯಬಹುದು. ಇಲ್ಲಿ ಒಂದೇ ರಾತ್ರಿಯಲ್ಲಿ ತುಕ್ಕಿನ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ.

ಈ ಭಾಗದ ಹಳೆಯ ಮನೆಗಳಲ್ಲಿ ಕೈಚಾಕುವಿಗಿಂತ ಮೆಟ್ಟುಕತ್ತಿಯ ಬಳಕೆಯೇ ಹೆಚ್ಚಾಗಿತ್ತು. ಕರ್ನಾಟಕದ ಇತರ ಭಾಗಗಳಲ್ಲಿ ಇದನ್ನು ಈಳಿಗೆ ಅಥವಾ ಈಳಿಗೆಮಣೆ ಎಂದೂ ಕೊಂಕಣಿಯಲ್ಲಿ ಆದೊಳಿ ಎಂದೂ ಕರೆಯುತ್ತಾರೆ. ಮೆಟ್ಟುಕತ್ತಿಯಲ್ಲಿ ಅಲಗು ಮರದ ಮಣೆಗೆ ನಾಟಿಕೊಂಡಿರುತ್ತದೆ. ಕತ್ತರಿಸುವವರು ಮಣೆಯ ಮೇಲೆ ಕುಳಿತೋ ಅದನ್ನು ಕಾಲಿನಿಂದ ಮೆಟ್ಟಿಯೋ ತರಕಾರಿಯನ್ನು ಎರಡೂ ಕೈಗಳಿಂದ ಅಲಗಿನತ್ತ ಒತ್ತುತ್ತಾರೆ. ಅಲಗು ಯಾವ ಹಲಗೆಗೂ ತಾಗದಿರುವುದರಿಂದ ಅದರ ಹರಿತ ದೀರ್ಘಕಾಲ ಉಳಿಯುತ್ತದೆ. ನಿಂತು ಅಡುಗೆ ಮಾಡುವ ಕಟ್ಟೆ ಬಂದ ಮೇಲೆ ಕೈಚಾಕು ಬಳಕೆಗೆ ಬಂದಿತು, ಅದರೊಂದಿಗೆ ಮಣೆಯೂ ಬೇಕಾಯಿತು. ಮಣೆ ಕೊಳ್ಳದ ಮನೆಗಳಲ್ಲಿ ಗ್ರಾನೈಟ್ ಕಟ್ಟೆಯೇ ಮಣೆಯಾಯಿತು. ಹೊಸ ಚಾಕು ಒಂದೆರಡು ವಾರಗಳಲ್ಲಿಯೇ ಮೊಂಡಾಯಿತೆಂಬ ದೂರಿನ ಹಿಂದೆ ಅನೇಕ ಸಲ ಈ ಕಟ್ಟೆಯೇ ಇರುತ್ತದೆ.

ಚಾಕು ಮೊಂಡಾಗುವ ಬಗೆ

ಚಾಕುವಿನ ಅಲಗಿನ ಎರಡು ಮುಖಗಳು ಕೂಡುವ ಗೆರೆಯೇ ಅದರ ಬಾಯಿ ಅಥವಾ ಅಂಚು. ಚೆನ್ನಾಗಿ ಮಸೆದ ಅಂಚು ತಲೆಕೂದಲಿಗಿಂತ ಹತ್ತಾರು ಪಟ್ಟು ತೆಳುವಾಗಿರುತ್ತದೆ. ಇಷ್ಟು ತೆಳುವಾದ ಉಕ್ಕು ಮೂರು ರೀತಿಯಲ್ಲಿ ಕೆಡುತ್ತದೆ. ಮೊದಲನೆಯದಾಗಿ, ಗಟ್ಟಿ ವಸ್ತುವಿಗೆ ತಾಗಿದಾಗ ಅಂಚು ಒಂದು ಬದಿಗೆ ಬಾಗುತ್ತದೆ. ಎರಡನೆಯದಾಗಿ, ಬಳಕೆಯಿಂದ ಸವೆದು ದುಂಡಗಾಗುತ್ತದೆ. ಮೂರನೆಯದಾಗಿ, ಮುಳ್ಳು, ಮೂಳೆ ಅಥವಾ ಕರಟ ತಾಗಿ ಚೂರು ಹಾರಿ ಮುಕ್ಕಾಗುತ್ತದೆ. ಹುಳಿ ಮತ್ತು ಉಪ್ಪಿನಿಂದ ಆಗುವ ಸವೆತವನ್ನು ಎರಡನೆಯದರೊಂದಿಗೇ ಎಣಿಸಬಹುದು. ಅಂಚು ಬಹಳ ತೆಳುವಾದ್ದರಿಂದ ತುಕ್ಕು ಅಲಗಿನ ಉಳಿದ ಭಾಗದಲ್ಲಿ ಕಣ್ಣಿಗೆ ಕಾಣುವ ಮೊದಲೇ ಅಂಚನ್ನು ಮೊಂಡಾಗಿಸಿರುತ್ತದೆ.

ಈ ಮೂರಕ್ಕೂ ಪರಿಹಾರ ಒಂದೇ ಅಲ್ಲ. ಬಾಗಿದ ಅಂಚನ್ನು ಉಕ್ಕಿನ ಅಥವಾ ಸೆರಾಮಿಕ್ ಕೋಲಿನ ಮೇಲೆ ಹಗುರವಾಗಿ ಎಳೆದು ನೇರಗೊಳಿಸಬಹುದು. ಸವೆದು ದುಂಡಗಾದ ಅಂಚನ್ನು ಕಲ್ಲಿನ ಮೇಲೆ ಮಸೆದು ಹೊಸ ಅಂಚನ್ನೇ ತೆಗೆಯಬೇಕು. ಮುಕ್ಕಾದ ಅಂಚಿಗೆ ಮೊದಲು ಒರಟು ಕಲ್ಲು ಬೇಕು. ಕೋಲಿನಿಂದ ಎಷ್ಟು ಸಲ ಎಳೆದರೂ ಹರಿತ ಬರುತ್ತಿಲ್ಲವೆಂದಾದರೆ ಅಂಚು ಬಾಗಿದ್ದಲ್ಲ, ಸವೆದಿದೆ ಎಂದು ತಿಳಿಯಬೇಕು.

ಮೊಂಡುತನವನ್ನು ಗುರುತಿಸಲು ಬೆರಳನ್ನು ಅಂಚಿನ ಮೇಲೆ ಆಡಿಸುವ ಅಗತ್ಯವಿಲ್ಲ. ಚಾಕುವಿನ ಬಾಯಿಯನ್ನು ಮೇಲಕ್ಕೆ ಮಾಡಿ ಪ್ರಖರವಾದ ದೀಪದ ಕೆಳಗೆ ಹಿಡಿದರೆ ಹರಿತವಾದ ಅಂಚು ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಬೆಳಕನ್ನು ಪ್ರತಿಫಲಿಸಲು ಅಲ್ಲಿ ಅಗಲವೇ ಇರುವುದಿಲ್ಲ. ಮೊಂಡಾದ ಕಡೆ ಬಿಳಿ ಗೆರೆಯೂ ಮುಕ್ಕಾದ ಕಡೆ ಹೊಳೆಯುವ ಚುಕ್ಕೆಯೂ ಕಾಣುತ್ತದೆ. ಅಡುಗೆಯ ನಡುವೆ ಮಾಡಬಹುದಾದ ಪರೀಕ್ಷೆ ಟೊಮೇಟೊ. ಚಾಕುವಿನ ಭಾರ ಮತ್ತು ಸ್ವಲ್ಪ ಎಳೆತದಿಂದಲೇ ಸಿಪ್ಪೆ ಬಿಟ್ಟುಕೊಡಬೇಕು. ಒತ್ತಿದಾಗ ಹಣ್ಣು ಮೊದಲು ತಗ್ಗಿ ಆಮೇಲೆ ಸೀಳಿದರೆ ಮಸೆಯುವ ಸಮಯ ಬಂದಿದೆ. ಮೊಂಡು ಚಾಕುವಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಬಲ ಹಾಕಿದ ಚಾಕು ಈರುಳ್ಳಿಯ ನುಣುಪು ಸಿಪ್ಪೆಯ ಮೇಲೆ ಜಾರಿ ಬೆರಳಿನತ್ತ ಬರುತ್ತದೆ.

ಉಕ್ಕಿನ ವಿಧಗಳು

ಅಂಗಡಿಗಳಲ್ಲಿ ಸಿಗುವ ಬಹುಪಾಲು ಚಾಕುಗಳು ತುಕ್ಕುನಿರೋಧಕ ಉಕ್ಕಿನವು, ಅಂದರೆ ಸ್ಟೇನ್‌ಲೆಸ್ ಸ್ಟೀಲ್‌ನವು. ಇವುಗಳಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರುತ್ತದೆ. ಇದು ಗಾಳಿಯೊಂದಿಗೆ ಸೇರಿ ಮೇಲ್ಮೈಯಲ್ಲಿ ತೆಳುವಾದ ರಕ್ಷಾಪದರವನ್ನು ಕಟ್ಟುತ್ತದೆ. ಉಪ್ಪು ಈ ಪದರವನ್ನು ಚುಕ್ಕೆ ಚುಕ್ಕೆಯಾಗಿ ಭೇದಿಸಬಲ್ಲದು. ಆದ್ದರಿಂದ ಮೀನಿಗೆ ಉಪ್ಪು ಸವರಿದ ಕೈಯಿಂದ ಮುಟ್ಟಿ ತೊಳೆಯದೆ ಬಿಟ್ಟ ಸ್ಟೀಲ್ ಚಾಕುವಿನಲ್ಲಿಯೂ ಸಣ್ಣ ಕಂದು ಗುಳಿಗಳು ಬೀಳುತ್ತವೆ.

ಕಮ್ಮಾರರು ಬಡಿದು ಮಾಡಿದ ಕತ್ತಿ ಮತ್ತು ಮೆಟ್ಟುಕತ್ತಿಗಳು ಸಾಮಾನ್ಯವಾಗಿ ಇಂಗಾಲದ ಉಕ್ಕಿನವು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಗಳನ್ನು ಇದಕ್ಕಾಗಿ ಬಳಸುವುದು ಭಾರತದ ಬಹುತೇಕ ಕುಲುಮೆಗಳಲ್ಲಿ ರೂಢಿಯಲ್ಲಿದೆ. ಇಂಗಾಲದ ಉಕ್ಕು ಬೇಗ ಮಸೆಗೆ ಒಗ್ಗುತ್ತದೆ, ಚೆನ್ನಾಗಿ ಹರಿತವಾಗುತ್ತದೆ, ಆದರೆ ಅಷ್ಟೇ ಬೇಗ ತುಕ್ಕು ಹಿಡಿಯುತ್ತದೆ. ಕರಾವಳಿಯ ಮನೆಗೆ ಯಾವುದು ಮೇಲು ಎಂಬುದು ಒರೆಸಿಡುವ ಅಭ್ಯಾಸವನ್ನು ಅವಲಂಬಿಸಿದೆ. ತೊಳೆದ ಕೂಡಲೇ ಒರೆಸುವ ಮನೆಗೆ ಇಂಗಾಲದ ಉಕ್ಕೂ ಸರಿಯೇ. ಪಾತ್ರೆಗಳ ರಾಶಿಯಲ್ಲಿ ಚಾಕು ಸಂಜೆಯವರೆಗೆ ನೆನೆಯುವ ಮನೆಗೆ ಸ್ಟೀಲ್ ಚಾಕುವೇ ಸೂಕ್ತ.

ಮಸೆಯುವ ವಿಧಾನ

ಕನ್ನಡದಲ್ಲಿ ಮಸೆಯುವುದು ಮತ್ತು ಸಾಣೆ ಹಿಡಿಯುವುದು ಎಂಬ ಎರಡು ಮಾತುಗಳಿವೆ. ನಿಶ್ಚಲವಾದ ಕಲ್ಲಿನ ಮೇಲೆ ಅಲಗನ್ನು ಉಜ್ಜುವುದು ಮಸೆಯುವುದು. ತಿರುಗುವ ಚಕ್ರಕ್ಕೆ ಅಲಗನ್ನು ಒಡ್ಡುವುದು ಸಾಣೆ ಹಿಡಿಯುವುದು. ಸೈಕಲ್ಲಿಗೆ ಕಟ್ಟಿದ ಚಕ್ರದೊಂದಿಗೆ ಬೀದಿಯಲ್ಲಿ ಬರುವ ಸಾಣೆಯವರು ಎರಡನೆಯದನ್ನು ಮಾಡುತ್ತಾರೆ. ಮನೆಯಲ್ಲಿ ಮಾಡಬಹುದಾದುದು ಮೊದಲನೆಯದು.

ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಮಸೆಗಲ್ಲು ಕಾರ್ಬೊರಂಡಮ್‌ನದು, ಎಂದರೆ ಸಿಲಿಕಾನ್ ಕಾರ್ಬೈಡ್‌ನದು. ಅದರ ಒಂದು ಮುಖ ಒರಟಾಗಿಯೂ ಇನ್ನೊಂದು ಮುಖ ನಯವಾಗಿಯೂ ಇರುತ್ತದೆ. ಕಲ್ಲಿನ ಒರಟುತನವನ್ನು ಗ್ರಿಟ್ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ. ಮುಕ್ಕು ತೆಗೆಯಲು 400ರ ಆಸುಪಾಸಿನ ಕಲ್ಲು, ದಿನಬಳಕೆಯ ಹರಿತಕ್ಕೆ 1000ದ ಆಸುಪಾಸಿನ ಕಲ್ಲು ಸಾಕು. 3000ಕ್ಕಿಂತ ನಯವಾದ ಕಲ್ಲುಗಳು ಮನೆಯ ಸಾದಾ ಸ್ಟೀಲ್ ಚಾಕುವಿಗೆ ಹೆಚ್ಚಿನ ಪ್ರಯೋಜನ ಕೊಡುವುದಿಲ್ಲ. ಟೊಮೇಟೊ, ಮೀನಿನ ಚರ್ಮಗಳಂತಹವುಗಳಿಗೆ ಅಂಚಿನಲ್ಲಿ ಸ್ವಲ್ಪ ಕಚ್ಚುವ ಗುಣ ಇರಬೇಕಾಗುತ್ತದೆ, ಅತಿ ನಯಗೊಳಿಸಿದರೆ ಅದು ಕಡಿಮೆಯಾಗುತ್ತದೆ.

ಹೊಸ ಕಲ್ಲನ್ನು ಬಳಸುವ ಮೊದಲು ನೀರಿನಲ್ಲಿ ಗುಳ್ಳೆಗಳು ನಿಲ್ಲುವವರೆಗೆ, ಸುಮಾರು 5ರಿಂದ 10 ನಿಮಿಷ, ನೆನೆಸಬೇಕು. ನೀರು ಉಜ್ಜಿದ ಲೋಹದ ಪುಡಿಯನ್ನು ಕಲ್ಲಿನ ರಂಧ್ರಗಳಿಂದ ಮೇಲೆತ್ತಿ ತರುತ್ತದೆ. ಕಲ್ಲಿಗೆ ತೆಂಗಿನೆಣ್ಣೆ ಅಥವಾ ಇತರ ಅಡುಗೆ ಎಣ್ಣೆ ಹಾಕಬಾರದು. ಅದು ಲೋಹದ ಪುಡಿಯೊಂದಿಗೆ ಸೇರಿ ರಂಧ್ರಗಳನ್ನು ಮುಚ್ಚುತ್ತದೆ, ಆಮೇಲೆ ಕಲ್ಲು ಉಜ್ಜುವ ಬದಲು ಜಾರುತ್ತದೆ. ಒಮ್ಮೆ ಎಣ್ಣೆ ಕುಡಿದ ಕಲ್ಲಿಗೆ ಮತ್ತೆ ನೀರು ಹಿಡಿಯುವುದೂ ಕಷ್ಟ.

ಒಂದು ಉದಾಹರಣೆ

18 ಸೆಂಟಿಮೀಟರ್ ಉದ್ದ, 3.5 ಸೆಂಟಿಮೀಟರ್ ಅಗಲದ ಅಲಗುಳ್ಳ ಸಾಧಾರಣ ಸ್ಟೀಲ್ ಚಾಕುವೊಂದನ್ನು ತೆಗೆದುಕೊಳ್ಳೋಣ. ಇದನ್ನು ಕೆಲವು ತಿಂಗಳ ಕಾಲ ಗ್ರಾನೈಟ್ ಕಟ್ಟೆಯ ಮೇಲೆ ಬಳಸಲಾಗಿದೆ. ದೀಪದ ಕೆಳಗೆ ಹಿಡಿದಾಗ ಅಂಚಿನುದ್ದಕ್ಕೂ ಬಿಳಿ ಗೆರೆ ಕಾಣುತ್ತದೆ, ಮುಕ್ಕು ಇಲ್ಲ.

ಮಸೆಯುವಾಗ ಅತ್ಯಂತ ಮುಖ್ಯವಾದುದು ಅಲಗು ಮತ್ತು ಕಲ್ಲಿನ ನಡುವಿನ ಕೋನ. ಮನೆಬಳಕೆಯ ಚಾಕುವಿಗೆ ಪ್ರತಿ ಬದಿಗೆ 15ರಿಂದ 20 ಡಿಗ್ರಿ ಸೂಕ್ತ. ಕೋನವನ್ನು ಕಣ್ಣಳತೆಯಿಂದ ಹಿಡಿಯುವುದಕ್ಕಿಂತ ಚಾಕುವಿನ ಬೆನ್ನು ಕಲ್ಲಿನಿಂದ ಎಷ್ಟು ಎತ್ತರದಲ್ಲಿದೆ ಎಂದು ನೋಡುವುದು ಸುಲಭ. ಅಲಗಿನ ಅಗಲವನ್ನು 0.3ರಿಂದ ಗುಣಿಸಿದರೆ ಸುಮಾರು 17 ಡಿಗ್ರಿಗೆ ಬೇಕಾದ ಎತ್ತರ ಸಿಗುತ್ತದೆ. ನಮ್ಮ ಚಾಕುವಿಗೆ ಅದು 3.5 × 0.3, ಅಂದರೆ 1 ಸೆಂಟಿಮೀಟರಿಗಿಂತ ತುಸು ಹೆಚ್ಚು. ಹೆಚ್ಚುಕಡಿಮೆ ಕಿರುಬೆರಳಿನ ತುದಿಯ ದಪ್ಪ. 2 ಸೆಂಟಿಮೀಟರ್ ಅಗಲದ ಸಣ್ಣ ಚಾಕುವಾಗಿದ್ದರೆ 6 ಮಿಲಿಮೀಟರ್ ಸಾಕು. ಇದೇ ಕಾರಣಕ್ಕೆ ದೊಡ್ಡ ಚಾಕುವಿಗೆ ಅಭ್ಯಾಸವಾದ ಕೈ ಸಣ್ಣ ಚಾಕುವನ್ನು ಅತಿಯಾಗಿ ಎತ್ತಿ ಹಿಡಿದು ಅದನ್ನು ಮತ್ತಷ್ಟು ಮೊಂಡಾಗಿಸುವುದುಂಟು.

ನೆನೆದ ಕಲ್ಲನ್ನು ಒದ್ದೆ ಬಟ್ಟೆಯ ಮೇಲೆ ನಯವಾದ ಮುಖ ಮೇಲಾಗಿ ಇಡಬೇಕು. ಬಟ್ಟೆ ಇಲ್ಲದಿದ್ದರೆ ಕಲ್ಲು ಜಾರುತ್ತದೆ. ಬಲಗೈಯಲ್ಲಿ ಹಿಡಿಯನ್ನು ಹಿಡಿದು, ಎಡಗೈಯ ಎರಡು ಅಥವಾ ಮೂರು ಬೆರಳುಗಳನ್ನು ಅಲಗಿನ ಮೇಲೆ, ಅಂಚಿನಿಂದ ಸ್ವಲ್ಪ ಹಿಂದೆ, ಇಡಬೇಕು. ಬೆರಳುಗಳು ಎಲ್ಲಿವೆಯೋ ಅಲ್ಲಿ ಮಾತ್ರ ಕಲ್ಲು ಕಚ್ಚುತ್ತದೆ. ಆದ್ದರಿಂದ ಬುಡದಿಂದ ತುದಿಯವರೆಗೆ ಬೆರಳುಗಳನ್ನು ಸರಿಸುತ್ತಾ ಹೋಗಬೇಕು. ಚಾಕುವನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆಯಬೇಕು, ಒತ್ತಡ ರೊಟ್ಟಿ ತಟ್ಟುವಷ್ಟು ಸಾಧಾರಣವಾಗಿರಲಿ. ಕಲ್ಲಿನ ಮೇಲೆ ಬೂದುಬಣ್ಣದ ಕೆಸರು ಮೂಡುತ್ತದೆ. ಅದನ್ನು ತೊಳೆಯಬಾರದು, ಮಸೆಯುವ ಕೆಲಸದ ಒಂದು ಭಾಗವನ್ನು ಅದೇ ಮಾಡುತ್ತದೆ. ಕಲ್ಲು ಒಣಗಿದಾಗ ಮಾತ್ರ ನಾಲ್ಕು ಹನಿ ನೀರು ಹಾಕಿದರೆ ಸಾಕು.

ಕೋನ ಸರಿಯಾಗಿದೆಯೇ ಎಂದು ತಿಳಿಯಲು ಸರಳ ಉಪಾಯವೊಂದಿದೆ. ಅಂಚಿನುದ್ದಕ್ಕೂ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ಐದಾರು ಸಲ ಮಸೆದು ನೋಡಬೇಕು. ಶಾಯಿ ಅಂಚಿನ ತುದಿಯಲ್ಲಿಯೇ ಉಳಿದು ಮೇಲಿನ ಭಾಗದಲ್ಲಿ ಮಾತ್ರ ಅಳಿಸಿದ್ದರೆ ಬೆನ್ನು ತೀರಾ ತಗ್ಗಿದೆ. ತುದಿಯಲ್ಲಿ ಮಾತ್ರ ಅಳಿಸಿದ್ದರೆ ಬೆನ್ನು ತೀರಾ ಎತ್ತರದಲ್ಲಿದೆ. ಓರೆಮುಖದ ಪೂರ್ತಿ ಶಾಯಿ ಹೋದರೆ ಕೋನ ಸರಿ.

ಒಂದು ಬದಿಯನ್ನು ಎಲ್ಲಿಯವರೆಗೆ ಮಸೆಯಬೇಕು ಎಂಬುದಕ್ಕೆ ಎಣಿಕೆಯಿಲ್ಲ, ಗುರುತಿದೆ. ಅಂಚಿನವರೆಗೆ ಲೋಹ ಸವೆದಾಗ ಎದುರು ಬದಿಯಲ್ಲಿ ಸೂಕ್ಷ್ಮವಾದ ಲೋಹದ ಸಿಬಿರು ಮೂಡುತ್ತದೆ. ಇದನ್ನು ಬರ್ ಎನ್ನುತ್ತಾರೆ. ಎದುರು ಬದಿಯಲ್ಲಿ ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಹೊರಕ್ಕೆ ಹಗುರವಾಗಿ ಜಾರಿಸಿದರೆ ಅದು ಉಗುರಿಗೋ ಚರ್ಮಕ್ಕೋ ಗೀಚಿದಂತೆ ಸಿಗುತ್ತದೆ. ಬೆರಳನ್ನು ಅಂಚಿನ ಉದ್ದಕ್ಕೆ ಎಂದಿಗೂ ಎಳೆಯಬಾರದು. ಈ ಸಿಬಿರು ಬುಡದಿಂದ ತುದಿಯವರೆಗೆ ಎಲ್ಲೆಡೆ ಸಿಕ್ಕ ಮೇಲೆಯೇ ಚಾಕುವನ್ನು ಮಗುಚಬೇಕು. ಮನೆಯಲ್ಲಿ ಮಸೆದೂ ಹರಿತ ಬರದಿರಲು ಬಹುಮಟ್ಟಿಗೆ ಇದೇ ಕಾರಣ: ಸಿಬಿರು ಮೂಡುವ ಮೊದಲೇ ಬದಿ ಬದಲಿಸಲಾಗಿರುತ್ತದೆ, ಎರಡು ಮುಖಗಳು ಇನ್ನೂ ಕೂಡಿಯೇ ಇರುವುದಿಲ್ಲ.

ನಮ್ಮ ಉದಾಹರಣೆಯ ಚಾಕುವಿಗೆ ಮೊದಲ ಬದಿಯಲ್ಲಿ ಐದರಿಂದ ಹತ್ತು ನಿಮಿಷ ಹಿಡಿಯಬಹುದು. ಎರಡನೆಯ ಬದಿಗೆ ಸಾಮಾನ್ಯವಾಗಿ ಅಷ್ಟು ಬೇಡ. ಎರಡೂ ಬದಿ ಮುಗಿದ ಮೇಲೆ ಸಿಬಿರನ್ನು ತೆಗೆಯಬೇಕು. ಅದಕ್ಕಾಗಿ ಒತ್ತಡವನ್ನು ಚಾಕುವಿನ ಭಾರಕ್ಕಷ್ಟೇ ಇಳಿಸಿ, ಒಂದು ಬದಿಗೆ ಒಂದರಂತೆ ಹತ್ತು ಹನ್ನೆರಡು ಸಲ ಬದಲಿಸುತ್ತಾ ಎಳೆಯಬೇಕು. ಕೊನೆಯಲ್ಲಿ ಮಡಿಸಿದ ದಿನಪತ್ರಿಕೆಯ ಮೇಲೆ ಬೆನ್ನನ್ನು ಮುಂದುಮಾಡಿ, ಅಂಚು ಹಿಂದೆ ಬರುವಂತೆ, ಕೆಲವು ಸಲ ಎಳೆದರೆ ಉಳಿದ ಸಿಬಿರೂ ಹೋಗುತ್ತದೆ. ಕ್ಷೌರಿಕರು ಹಿಂದೆ ಚರ್ಮದ ಪಟ್ಟಿಯ ಮೇಲೆ ಕತ್ತಿ ಎಳೆಯುತ್ತಿದ್ದುದೂ ಇದೇ ಉದ್ದೇಶಕ್ಕೆ. ಮಸೆದ ದಿನ ಅದ್ಭುತವಾಗಿ ಕತ್ತರಿಸಿ ಮಾರನೆಯ ದಿನವೇ ಮೊಂಡಾಗುವ ಚಾಕುವಿನಲ್ಲಿ ಸಿಬಿರು ಪೂರ್ತಿ ಹೋಗಿರುವುದಿಲ್ಲ. ಕತ್ತರಿಸಿದ್ದು ಆ ಸಿಬಿರು, ಮಡಿಚಿಕೊಂಡದ್ದೂ ಅದೇ.

ನಂತರ ಚಾಕುವನ್ನು ಸೋಪು ನೀರಿನಿಂದ ತೊಳೆದು ಒರೆಸಬೇಕು, ಏಕೆಂದರೆ ಅದರ ಮೇಲೆ ಕಲ್ಲು ಮತ್ತು ಲೋಹದ ಪುಡಿ ಇರುತ್ತದೆ. ಮರದ ಮಣೆಯ ಮೇಲೆ ಬಳಸಿ, ನಡುವೆ ಕೋಲಿನಲ್ಲಿ ನೇರಗೊಳಿಸುತ್ತಿದ್ದರೆ ಇಂತಹ ಚಾಕುವಿಗೆ ಎರಡು ಮೂರು ತಿಂಗಳಿಗೊಮ್ಮೆ ಕಲ್ಲು ಸಾಕಾಗುತ್ತದೆ.

ಕಲ್ಲೂ ಸವೆಯುತ್ತದೆ. ನಡುಭಾಗ ತಗ್ಗಾದ ಕಲ್ಲಿನಲ್ಲಿ ಕೋನ ನಿಲ್ಲುವುದಿಲ್ಲ. ಗಾಜಿನ ಹಲಗೆಯ ಮೇಲೆ ಒರಟಾದ, ನೀರಿಗೆ ತಡೆಯುವ ಎಮರಿ ಕಾಗದವನ್ನು ಇಟ್ಟು, ನೀರು ಹಾಕಿ ಕಲ್ಲನ್ನು ಉಜ್ಜಿದರೆ ಅದು ಮತ್ತೆ ಸಮವಾಗುತ್ತದೆ. ಕಲ್ಲಿನ ಮೇಲೆ ಮೊದಲೇ ಪೆನ್ಸಿಲ್ ಗೆರೆಗಳನ್ನು ಎಳೆದಿದ್ದರೆ ಅವು ಎಲ್ಲೆಡೆ ಅಳಿದಾಗ ಕೆಲಸ ಮುಗಿಯಿತೆಂದು ತಿಳಿಯುತ್ತದೆ.

ಮೆಟ್ಟುಕತ್ತಿಯನ್ನು ಮಸೆಯುವುದು

ಮೆಟ್ಟುಕತ್ತಿಯನ್ನು ಕಲ್ಲಿನ ಬಳಿಗೆ ಒಯ್ಯಲಾಗದು, ಕಲ್ಲನ್ನೇ ಅದರ ಬಳಿಗೆ ತರಬೇಕು. ಕೈಯಲ್ಲಿ ಹಿಡಿಯುವಂತಹ ಸಣ್ಣ ಕಲ್ಲನ್ನು ನೆನೆಸಿ, ಅಲಗಿನ ಬುಡದಿಂದ ತುದಿಯತ್ತ, ಒಂದೊಂದು ಬದಿಯಲ್ಲಿ ಸರಿಸಬೇಕು. ಅಲಗಿನ ಕತ್ತರಿಸುವ ಬಾಯಿ ಒಳಕ್ಕೆ ಬಾಗಿದ್ದರೆ ಚಪ್ಪಟೆ ಕಲ್ಲಿನ ನಡುಭಾಗ ಅಲ್ಲಿಗೆ ತಲುಪುವುದಿಲ್ಲ. ದುಂಡಗಿನ ಅಂಚಿನ ಕಲ್ಲು ಬೇಕು, ಇಲ್ಲವೇ ಕಲ್ಲಿನ ಮೂಲೆಯನ್ನು ಬಳಸಬೇಕು. ಕಲ್ಲು ಹಿಡಿದ ಕೈಯ ಬೆರಳುಗಳು ಕಲ್ಲಿನ ಮೇಲ್ಮೈಗಿಂತ ಹೊರಗೆ ಚಾಚಬಾರದು. ಕೆಲವು ಮೆಟ್ಟುಕತ್ತಿಗಳ ತುದಿಯಲ್ಲಿ ತೆಂಗಿನಕಾಯಿ ಹೆರೆಯುವ ಹಲ್ಲುಗಳಿರುತ್ತವೆ. ಅವುಗಳನ್ನು ಕಲ್ಲಿನಿಂದ ಉಜ್ಜಿದರೆ ಹಲ್ಲು ಹೋಗಿ ಬಿಲ್ಲೆ ಉಳಿಯುತ್ತದೆ. ಅವುಗಳಿಗೆ ಮೂರು ಮೂಲೆಯ ಸಣ್ಣ ಅರದಿಂದ ಹಲ್ಲುಗಳ ನಡುವಿನ ಸಂದುಗಳನ್ನು ಮಾತ್ರ ಉಜ್ಜಬೇಕು.

ಸಾಣೆ ಚಕ್ರ ಮತ್ತು ಇತರ ಸಾಧನಗಳು

ಸಾಣೆ ಚಕ್ರದಿಂದ ಕೆಲಸ ಬೇಗ ಮುಗಿಯುತ್ತದೆ, ದೊಡ್ಡ ಮುಕ್ಕಿಗೆ ಅದೇ ಸರಿಯಾದ ದಾರಿ. ಆದರೆ ಒಣ ಚಕ್ರದ ಘರ್ಷಣೆಯಿಂದ ತೆಳುವಾದ ಅಂಚು ಬಹುಬೇಗ ಬಿಸಿಯಾಗುತ್ತದೆ. ಉಕ್ಕಿಗೆ ಹದಮಾಡುವಾಗ ಕೊಟ್ಟ ಗಡಸುತನ ಅತಿಯಾದ ಬಿಸಿಗೆ ಇಳಿದುಹೋಗುತ್ತದೆ. ಇಂಗಾಲದ ಉಕ್ಕಿನಲ್ಲಿ ಅದರ ಗುರುತು ಬಣ್ಣ: ಮೊದಲು ಹುಲ್ಲಿನಂತಹ ತಿಳಿಹಳದಿ, ಇನ್ನೂ ಬಿಸಿಯಾದರೆ ಕಂದು, ಸುಮಾರು 300 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ನೀಲಿ. ನೀಲಿಗಟ್ಟಿದ ಅಂಚು ಎಷ್ಟು ಹರಿತ ಮಾಡಿದರೂ ಕೆಲವೇ ದಿನ ನಿಲ್ಲುತ್ತದೆ. ಆ ಭಾಗ ಸವೆದುಹೋಗುವವರೆಗೂ ಇದೇ ಪಾಡು. ಅನುಭವಿಗಳಾದ ಸಾಣೆಯವರು ಅಲಗನ್ನು ಆಗಾಗ ನೀರಿಗೆ ಅದ್ದುತ್ತಾ ಹಗುರವಾಗಿ ತಾಗಿಸುವುದು ಇದನ್ನು ತಪ್ಪಿಸಲು.

ಸೀಳಿನ ನಡುವೆ ಚಾಕುವನ್ನು ಎಳೆಯುವ ಸಣ್ಣ ಸಾಧನಗಳು ಅಗ್ಗವಾಗಿ ಸಿಗುತ್ತವೆ. ಇವು ಅಂಚಿನಿಂದ ಲೋಹವನ್ನು ಕೆರೆದು ತೆಗೆಯುತ್ತವೆ, ಒರಟಾದ ಅಂಚನ್ನು ಬಿಡುತ್ತವೆ, ಚಾಕುವಿನ ಬುಡದ ಬಳಿ ಮಸೆಯದ ಭಾಗವನ್ನು ಉಳಿಸುತ್ತವೆ. ತುರ್ತಿಗೆ ಇವು ಸಾಕು. ಕಲ್ಲಾಗಲಿ ಸಾಧನವಾಗಲಿ ಇಲ್ಲದಾಗ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ಅದರ ತಳದಲ್ಲಿ ಹೊಳಪು ಲೇಪವಿಲ್ಲದ ಬಿಳಿ ಬಳೆಯ ಮೇಲೆ ಚಾಕುವನ್ನು ಅದೇ ಕೋನದಲ್ಲಿ ಎಳೆಯಬಹುದು. ಅದು ನಯವಾದ ಸೆರಾಮಿಕ್ ಕೋಲಿನಂತೆಯೇ ಕೆಲಸ ಮಾಡುತ್ತದೆ.

ತೊಳೆಯುವುದು ಮತ್ತು ಇಡುವುದು

ಚಾಕುವನ್ನು ಬಳಸಿದ ಕೂಡಲೇ ಸೋಪು ಮತ್ತು ಮೃದುವಾದ ಸ್ಪಂಜಿನಿಂದ, ಬೆನ್ನಿನ ಕಡೆಯಿಂದ ಅಂಚಿನತ್ತ, ತೊಳೆದು ಒಣಬಟ್ಟೆಯಲ್ಲಿ ಒರೆಸಬೇಕು. ಸಿಂಕಿನ ನೊರೆಯ ನೀರಿನೊಳಗೆ ಚಾಕುವನ್ನು ಬಿಡುವುದು ಎರಡು ಕಾರಣಗಳಿಂದ ತಪ್ಪು: ಪಾತ್ರೆಗಳಿಗೆ ತಾಗಿ ಅಂಚು ಕೆಡುತ್ತದೆ, ಮತ್ತು ಕಾಣದ ಚಾಕುವಿಗೆ ತೊಳೆಯುವವರ ಕೈ ಸಿಗುತ್ತದೆ. ಮರದ ಹಿಡಿಯಿದ್ದರೆ ಅಲಗು ಹಿಡಿಯೊಳಗೆ ಸೇರುವ ಸಂದನ್ನು ವಿಶೇಷವಾಗಿ ಒರೆಸಬೇಕು. ಮಳೆಗಾಲದಲ್ಲಿ ತುಕ್ಕು ಮತ್ತು ಬೂಷ್ಟು ಎರಡೂ ಅಲ್ಲಿಂದಲೇ ಆರಂಭವಾಗುತ್ತವೆ.

ಹಲಸಿನ ಮೇಣಕ್ಕೆ ನೀರು ಮತ್ತು ಸೋಪು ಸಾಲದು. ಅದು ನೀರಿನಲ್ಲಿ ಕರಗುವುದಿಲ್ಲ. ಕತ್ತರಿಸುವ ಮೊದಲೇ ಅಲಗಿಗೂ ಕೈಗೂ ತೆಂಗಿನೆಣ್ಣೆ ಸವರುವ ರೂಢಿ ಇದಕ್ಕಾಗಿಯೇ ಇದೆ. ಮರೆತಿದ್ದರೆ, ಅಂಟಿದ ಮೇಣದ ಮೇಲೆ ಎಣ್ಣೆ ಹಚ್ಚಿ ಕೆಲವು ನಿಮಿಷ ಬಿಟ್ಟು ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ಹಾಕಬೇಕು. ಮೇಣವನ್ನು ಉಕ್ಕಿನ ನಾರಿನಿಂದ ಕೆರೆದು ತೆಗೆದರೆ ಅಲಗಿನ ಮೇಲೆ ಗೀರುಗಳು ಬಿದ್ದು ಮುಂದೆ ತುಕ್ಕಿಗೆ ನೆಲೆಯಾಗುತ್ತವೆ.

ಬಾಳೆಕಾಯಿ ಅಥವಾ ಬಾಳೆ ಹೂವು ಕತ್ತರಿಸಿದಾಗ ಇಂಗಾಲದ ಉಕ್ಕು ಕಪ್ಪಾಗುವುದು ಸೊನೆಯಲ್ಲಿರುವ ಟ್ಯಾನಿನ್ ಕಬ್ಬಿಣದೊಂದಿಗೆ ಸೇರುವುದರಿಂದ. ಈ ಕಪ್ಪು ಬಣ್ಣ ತುಕ್ಕಲ್ಲ, ಅಲಗಿಗೆ ಅದರಿಂದ ಹಾನಿಯಿಲ್ಲ. ಕೆಂಪು ಅಥವಾ ಕಂದು ಬಣ್ಣದ, ಬೆರಳಿಗೆ ಹತ್ತುವ ಪುಡಿ ಮಾತ್ರ ತುಕ್ಕು. ಅದನ್ನು ತೆಗೆಯಲು ನೆನೆಸಿದ ಹುಣಸೆಹಣ್ಣನ್ನು ಬೂದಿಯೊಂದಿಗೆ ಉಜ್ಜುವುದು ಹಳೆಯ ಕ್ರಮ. ಹುಣಸೆಯ ಹುಳಿ ತುಕ್ಕನ್ನು ಸಡಿಲಿಸುತ್ತದೆ, ಬೂದಿ ಅದನ್ನು ಕೆರೆಯುತ್ತದೆ. ಆದರೆ ಅದೇ ಹುಳಿ ಒಳ್ಳೆಯ ಉಕ್ಕನ್ನೂ ತಿನ್ನುವುದರಿಂದ ಕೆಲವೇ ನಿಮಿಷಗಳಲ್ಲಿ ತೊಳೆದು, ಒಲೆಯ ಬಳಿ ಪೂರ್ತಿ ಒಣಗಿಸಿ, ಒಂದು ಹನಿ ತೆಂಗಿನೆಣ್ಣೆಯನ್ನು ತೆಳುವಾಗಿ ಸವರಬೇಕು. ಆಯುಧಪೂಜೆಯ ಹಿಂದಿನ ದಿನ ಮನೆಯ ಕತ್ತಿ, ಮೆಟ್ಟುಕತ್ತಿಗಳನ್ನು ಹೀಗೆ ಉಜ್ಜಿ ಇಡುವ ವಾಡಿಕೆ ಅನೇಕ ಮನೆಗಳಲ್ಲಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬರುವ ಹಬ್ಬವಾದ್ದರಿಂದ ಕಾಲವೂ ಸರಿಯಾಗಿ ಕೂಡಿಬರುತ್ತದೆ. ವರ್ಷಕ್ಕೊಮ್ಮೆ ಮಾತ್ರ ಸಾಲದು ಎನ್ನುವುದು ಬೇರೆ ಮಾತು.

ಚಾಕುವನ್ನು ಚಮಚಗಳೊಂದಿಗೆ ಡ್ರಾಯರಿನಲ್ಲಿ ಬಿಸಾಡಿದರೆ ಅಂಚು ಕೆಡುತ್ತದೆ. ದಪ್ಪ ರಟ್ಟನ್ನು ಮಡಿಸಿ ಅಂಟಿಸಿದ ಒರೆಯೂ ಸಾಕು, ಆದರೆ ಒರೆಗೆ ಹಾಕುವ ಮೊದಲು ಚಾಕು ಪೂರ್ತಿ ಒಣಗಿರಬೇಕು.

ಹೆಚ್ಚುವ ಮಣೆಯ ಆಯ್ಕೆ

ಮಣೆಗೆ ಇರಬೇಕಾದ ಮೊದಲ ಗುಣ ಉಕ್ಕಿಗಿಂತ ಮೃದುವಾಗಿರುವುದು. ಗ್ರಾನೈಟ್‌ನಲ್ಲಿರುವ ಬೆಣಚುಕಲ್ಲಿನ ಕಣಗಳು ಚಾಕುವಿನ ಉಕ್ಕಿಗಿಂತ ಗಟ್ಟಿ. ಗಾಜಿನ ಮಣೆಯೂ ಅಂಚಿಗೆ ಎಡೆ ಕೊಡದೆ ಅದನ್ನು ಬಾಗಿಸುತ್ತದೆ. ಇತ್ತೀಚೆಗೆ ಮಾರುಕಟ್ಟೆಯಲ್ಲಿ ಕಾಣುವ ಸ್ಟೀಲ್ ಮಣೆಗಳು ತೊಳೆಯಲು ಸುಲಭ, ಬೂಷ್ಟು ಹಿಡಿಯುವುದಿಲ್ಲ, ಆದರೆ ಉಕ್ಕಿನ ಮೇಲೆ ಉಕ್ಕು ತಾಗುವುದರಿಂದ ಚಾಕು ಬೇಗ ಮೊಂಡಾಗುತ್ತದೆ. ಹಿಟ್ಟು ನಾದುವುದಕ್ಕೆ ಅವು ಚೆನ್ನಾಗಿವೆ.

ಉಳಿಯುವ ಆಯ್ಕೆಗಳು ಮರ ಮತ್ತು ಪ್ಲಾಸ್ಟಿಕ್. ಮರದಲ್ಲಿ ಕ್ರಿಮಿಗಳು ಉಳಿಯುತ್ತವೆ, ಪ್ಲಾಸ್ಟಿಕ್ ಸ್ವಚ್ಛ ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಅಮೆರಿಕದ ಆಹಾರ ಸುರಕ್ಷತಾ ವಿಜ್ಞಾನಿ ಡೀನ್ ಕ್ಲೈವರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ನಂಬಿಕೆಯನ್ನು ಪ್ರಶ್ನಿಸಿದವು. ಹೊಸ ಪ್ಲಾಸ್ಟಿಕ್ ಮಣೆಯನ್ನು ಸುಲಭವಾಗಿ ಶುಚಿಗೊಳಿಸಬಹುದು. ಆದರೆ ಚಾಕುವಿನ ಗೀರುಗಳು ಬಿದ್ದ ಪ್ಲಾಸ್ಟಿಕ್ ಮಣೆಯನ್ನು ಕೈಯಿಂದ ತೊಳೆದು ಶುಚಿಗೊಳಿಸುವುದು ಕಷ್ಟವೆಂದು ಅವರು ಕಂಡರು. ಮರದಲ್ಲಿ ಬ್ಯಾಕ್ಟೀರಿಯಾಗಳು ತೇವದೊಂದಿಗೆ ಒಳಕ್ಕೆ ಹೀರಲ್ಪಟ್ಟು ಮೇಲ್ಮೈಗೆ ಮರಳಿ ಬರುವುದು ವಿರಳ, ಮರ ಒಣಗಿದಂತೆ ಅವು ಸಾಯುತ್ತವೆ. ಇಲ್ಲಿ ಒಂದು ಮಾತನ್ನು ಗಮನಿಸಬೇಕು: ಈ ಲಾಭ ಮರ ಒಣಗಿದರೆ ಮಾತ್ರ. ಜುಲೈ ತಿಂಗಳ ಮಂಗಳೂರಿನಲ್ಲಿ ಗೋಡೆಗೆ ಒರಗಿಸಿಟ್ಟ ಮಣೆ ಮಾರನೆಯ ದಿನವೂ ಹಸಿಯಾಗಿರಬಹುದು.

ಆದ್ದರಿಂದ ಮೀನು ಮಾಂಸ ಬಳಸುವ ಕರಾವಳಿಯ ಮನೆಗೆ ಎರಡು ಮಣೆಗಳು ಬೇಕು. ತರಕಾರಿ, ಹಣ್ಣುಗಳಿಗೆ ಮರದ್ದು. ಹಸಿ ಮೀನು ಮತ್ತು ಮಾಂಸಕ್ಕೆ ಬೇರೆ ಬಣ್ಣದ ಪ್ಲಾಸ್ಟಿಕ್ಕಿನದು. ಹಸಿ ಮಾಂಸದ ಮಣೆಯ ಮೇಲೆಯೇ ಸಲಾಡಿನ ಸೌತೆಕಾಯಿ ಕತ್ತರಿಸಿದರೆ ಕ್ರಿಮಿಗಳು ಬೇಯದ ಆಹಾರಕ್ಕೆ ದಾಟುತ್ತವೆ. ಪ್ಲಾಸ್ಟಿಕ್ ಮಣೆಯನ್ನು ಬಿಸಿನೀರು ಮತ್ತು ಸೋಪಿನಿಂದ ತೊಳೆದ ಮೇಲೆ, 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್, ಪರಿಮಳವಿಲ್ಲದ ದ್ರವ ಬ್ಲೀಚ್ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಬಿಟ್ಟು ತೊಳೆಯಬಹುದು. ಬ್ಲೀಚಿನೊಂದಿಗೆ ವಿನೆಗರ್ ಅಥವಾ ಲಿಂಬೆರಸವನ್ನು ಬೆರೆಸಬಾರದು. ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಡುತ್ತದೆ. ಗೀರುಗಳು ಆಳವಾಗಿ, ತೊಳೆದರೂ ಕಪ್ಪಾಗಿಯೇ ಉಳಿದರೆ ಮಣೆಯನ್ನು ಬದಲಿಸಬೇಕು. ಪ್ಲಾಸ್ಟಿಕ್ ಮಣೆಗಳಿಂದ ಸೂಕ್ಷ್ಮ ಕಣಗಳು ಆಹಾರಕ್ಕೆ ಸೇರುವುದನ್ನು ಅಮೆರಿಕದ ನಾರ್ತ್ ಡಕೋಟ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ವರದಿ ಮಾಡಿದ್ದಾರೆ. ಸವೆದ ಮಣೆಯನ್ನು ಇಟ್ಟುಕೊಳ್ಳದಿರಲು ಇದೂ ಒಂದು ಕಾರಣ.

ಮರದ ಜಾತಿ

ಮೀನು ಮಾರುಕಟ್ಟೆ ಮತ್ತು ಮಾಂಸದ ಅಂಗಡಿಗಳಲ್ಲಿ ಹುಣಸೆಮರದ ಕೊರಡನ್ನು ಅಡ್ಡಲಾಗಿ ಕೊಯ್ದ ತುಂಡನ್ನು ಬಳಸುವುದು ಭಾರತದ ಅನೇಕ ಕಡೆ ರೂಢಿ. ಹುಣಸೆ ಗಟ್ಟಿಯಾದ, ಸಿಬಿರು ಏಳದ ಮರ. ಅಡ್ಡ ಕೊಯ್ತದಲ್ಲಿ ನಾರುಗಳು ಮೇಲ್ಮುಖವಾಗಿರುವುದರಿಂದ ಕತ್ತಿಯ ಅಂಚು ನಾರುಗಳ ನಡುವೆ ಇಳಿದು ಮೇಲೆ ಬರುತ್ತದೆ, ಕತ್ತಿಯೂ ಮರವೂ ಕಡಿಮೆ ಸವೆಯುತ್ತವೆ. ಮನೆಯ ಮಣೆಗೆ ಇಂತಹ ತುಂಡು ಭಾರವಾಗುತ್ತದೆ, ಸರಿಯಾಗಿ ಒಣಗದಿದ್ದರೆ ಸೀಳುತ್ತದೆ.

ಮನೆಗೆ ಒಂದೇ ಹಲಗೆಯಿಂದ ಮಾಡಿದ ಹಲಸು ಅಥವಾ ಸಾಗುವಾನಿಯ ಮಣೆ ಒಳ್ಳೆಯದು. ಎರಡೂ ತೇವಕ್ಕೆ ಚೆನ್ನಾಗಿ ತಡೆಯುತ್ತವೆ. ಸಾಗುವಾನಿಯಲ್ಲಿ ಸ್ವಲ್ಪ ಸಿಲಿಕಾ ಇರುವುದರಿಂದ ಅಂಚು ತುಸು ಬೇಗ ಸವೆಯುತ್ತದೆ, ಆದರೆ ಗ್ರಾನೈಟ್ ಕಟ್ಟೆಗೆ ಹೋಲಿಸಿದರೆ ಇದು ಲೆಕ್ಕಕ್ಕಿಲ್ಲ. ಮಾವು ಮತ್ತು ರಬ್ಬರ್ ಮರದ ಮಣೆಗಳು ಅಗ್ಗ. ಅವುಗಳಿಗೆ ಕೊರೆಹುಳ ಮತ್ತು ಬೂಷ್ಟು ಬೇಗ ಹಿಡಿಯುತ್ತವೆ. ಮಣೆಯ ಕೆಳಗೆ ಹಿಟ್ಟಿನಂತಹ ನುಣ್ಣನೆ ಪುಡಿ ಬೀಳತೊಡಗಿದರೆ ಹುಳ ಸೇರಿದೆ ಎಂದರ್ಥ. ಬಿದಿರಿನ ಮಣೆಗಳು ಪಟ್ಟಿಗಳನ್ನು ಅಂಟಿನಿಂದ ಜೋಡಿಸಿ ಮಾಡಿದವು. ಸದಾ ಒದ್ದೆಯಾದರೆ ಅಂಟು ಬಿಟ್ಟು ಸಂದುಗಳು ಕಪ್ಪಾಗುತ್ತವೆ.

ಮಣೆಯ ದಪ್ಪ 2 ಸೆಂಟಿಮೀಟರಿಗಿಂತ ಕಡಿಮೆಯಾದರೆ ಒಂದು ಬದಿ ಒದ್ದೆಯಾದಾಗ ಬಾಗುತ್ತದೆ. ಬಾಗದಂತೆ ನೋಡಿಕೊಳ್ಳಲು ತೊಳೆಯುವಾಗ ಎರಡೂ ಮುಖಗಳನ್ನು ಒದ್ದೆಮಾಡಿ, ಎರಡೂ ಕಡೆ ಗಾಳಿಯಾಡುವಂತೆ ನಿಲ್ಲಿಸಿ ಒಣಗಿಸಬೇಕು. ಉದ್ದ ಚಾಕುವಿನ ಅಲಗಿಗಿಂತ ಸಾಕಷ್ಟು ಹೆಚ್ಚಿರಲಿ. ಮೇಲಿನ ಉದಾಹರಣೆಯ 18 ಸೆಂಟಿಮೀಟರ್ ಚಾಕುವಿಗೆ 35 × 25 ಸೆಂಟಿಮೀಟರ್ ಮಣೆ ಅನುಕೂಲ. ಬಳಸುವಾಗ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಮಣೆ ಜಾರುವುದಿಲ್ಲ.

ಮರದ ಮಣೆಗೆ ತಿಂಗಳಿಗೊಮ್ಮೆ ಎಣ್ಣೆ ಹಚ್ಚಿದರೆ ನೀರು ಒಳಗಿಳಿಯುವುದು ಕಡಿಮೆಯಾಗುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಕಮಟುವುದಿಲ್ಲವಾದ್ದರಿಂದ ಇದಕ್ಕೆ ಸೂಕ್ತ. ಒಣಗಿದ ಮಣೆಗೆ ಬಟ್ಟೆಯಿಂದ ಸವರಿ, ಒಂದು ರಾತ್ರಿ ಬಿಟ್ಟು, ಉಳಿದುದನ್ನು ಒರೆಸಬೇಕು. ಮೇಲ್ಮೈಗೆ ನೀರು ಚಿಮುಕಿಸಿದಾಗ ಅದು ಹನಿಗಳಾಗಿ ನಿಲ್ಲದೆ ಕೂಡಲೇ ಹರಡಿ ಹೀರಿಕೊಂಡರೆ ಮತ್ತೆ ಎಣ್ಣೆ ಬೇಕು. ಬೂಷ್ಟು ಹಿಡಿದ ಮರದ ಮಣೆಯನ್ನು ಉಪ್ಪು ಮತ್ತು ಲಿಂಬೆಯಿಂದ ಉಜ್ಜಿ ಬಿಸಿಲಿಗೆ ಇಡಬಹುದು. ಕಲೆ ಆಳಕ್ಕಿಳಿದಿದ್ದರೆ ಎಮರಿ ಕಾಗದದಿಂದ ಮೇಲಿನ ಪದರವನ್ನು ಉಜ್ಜಿ ತೆಗೆಯಬೇಕು, ಸೀಳಿನೊಳಗೆ ಇಳಿದ ಬೂಷ್ಟು ಹೋಗುವುದಿಲ್ಲ. ಮಳೆಗಾಲದಲ್ಲಿ ಬಿಸಿಲು ಸಿಗದಿದ್ದಾಗ ಅಡುಗೆ ಮುಗಿದ ಒಲೆಯ ಸಮೀಪ, ಬೆಂಕಿಯಿಂದ ದೂರ, ಫ್ಯಾನಿನ ಗಾಳಿ ತಾಗುವಂತೆ ನಿಲ್ಲಿಸುವುದೇ ಇರುವ ಮಾರ್ಗ.